ಮೂರು ಕಾಗದ, ಮೂರು ಕೈ

ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ ಸೀಮೆಯ ಹೊಲಗಳಿಗೆ ಹರಿದುಬಂದ ತರುವಾಯ ಇಲ್ಲಿ ಕಬ್ಬು ಪ್ರಧಾನ ಬೆಳೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಮುಂದೆ ಪಾಂಡವಪುರದಲ್ಲಿಯೂ ಸಹಕಾರ ತತ್ತ್ವದ ಮೇಲೆ ಕಾರ್ಖಾನೆಯೊಂದು ಎದ್ದುನಿಂತಿತು. ಸಕ್ಕರೆಯ ಕಾರ್ಖಾನೆಗೆ ಕಬ್ಬೊಂದಿದ್ದರೆ ಸಾಲದು. ರಸವನ್ನು ತಿಳಿಗೊಳಿಸುವುದಕ್ಕೆ ಸುಣ್ಣವೂ ಗಂಧಕವೂ ಬೇಕು, ಸಕ್ಕರೆ ತುಂಬುವುದಕ್ಕೆ ಚೀಲ ಬೇಕು, ಯಂತ್ರಗಳಿಗೆ ಎಣ್ಣೆಯೂ ಬೇರಿಂಗುಗಳೂ ಬೇಕು. ಇವೆಲ್ಲವೂ ಹೊರಗಿನಿಂದ ಲಾರಿಗಳಲ್ಲಿ ಬರುತ್ತವೆ, ಬಂದ ಪ್ರತಿಯೊಂದರ ಬೆನ್ನಿಗೂ ಒಂದು ಬಿಲ್ಲು ಬರುತ್ತದೆ. ಈ ಸಂವಾದದಲ್ಲಿ ಮಾತನಾಡುವ ಇಬ್ಬರಲ್ಲಿ ಹಿರಿಯರು ಇಂತಹ ಕಾರ್ಖಾನೆಗಳ ಉಗ್ರಾಣದಲ್ಲಿಯೂ ಬಿಲ್ಲು ವಿಭಾಗದಲ್ಲಿಯೂ ಆಯುಷ್ಯವನ್ನು ಸವೆಸಿ ನಿವೃತ್ತರಾದವರು. ಕಿರಿಯನು ಈಚೆಗೆ ಅದೇ ಬಗೆಯ ಕೆಲಸಕ್ಕೆ ಸೇರಿದವನು. ಇಲ್ಲಿ ಬರುವ ಸುಣ್ಣದ ಲಾರಿಯನ್ನೂ ಅದರ ಲೆಕ್ಕವನ್ನೂ ವಿಷಯವು ಸ್ಪಷ್ಟವಾಗಲೆಂದು ಉದಾಹರಣೆಗಾಗಿ ಕಲ್ಪಿಸಿಕೊಳ್ಳಲಾಗಿದೆ.

ಕಿರಿಯ: ಸ್ವಾಮಿ, ಖರೀದಿ ಆದೇಶ, ಮಾಲು ಬಂದದ್ದಕ್ಕೆ ಉಗ್ರಾಣದವರು ಬರೆಯುವ ಜಿ.ಆರ್.ಎನ್. ಚೀಟಿ, ಮಾರಾಟಗಾರನ ಬಿಲ್ಲು, ಈ ಮೂರೂ ಒಂದಕ್ಕೊಂದು ಹೊಂದಿದರೆ ಹಣ ಕೊಡು, ಹೊಂದದಿದ್ದರೆ ತಡೆ ಎಂದು ನನಗೆ ಹೇಳಿಕೊಟ್ಟಿದ್ದಾರೆ. ಹೊಂದಿಸಿ ನೋಡುವ ಕೆಲಸವನ್ನು ಕಂಪ್ಯೂಟರು ಕ್ಷಣಮಾತ್ರದಲ್ಲಿ ಮಾಡಿಬಿಡುತ್ತದೆ. ಹೀಗಿರುವಲ್ಲಿ ಬಿಲ್ಲಿನ ಮುಂದೆ ಕುಳಿತ ಮನುಷ್ಯನಿಗೆ ಉಳಿಯುವ ಕೆಲಸ ಯಾವುದು?

ಹಿರಿಯರು: ಮೂರು ಅಂಕಿಗಳು ಒಂದೇ ಆಗಿವೆಯೆಂದು ಹೇಳುವುದು ಯಂತ್ರಕ್ಕೆ ಸಾಧ್ಯ, ತಮ್ಮಾ, ಆ ಮೂರು ಅಂಕಿಗಳು ಮೂರು ಬೇರೆ ಬೇರೆ ಕೈಗಳಿಂದ ಬಂದವೇ ಎಂಬುದನ್ನು ಹೇಳುವುದು ಅದಕ್ಕೆ ಸಾಧ್ಯವಲ್ಲ. ಖರೀದಿ ಆದೇಶವೆಂಬುದು ನಾವು ಏನನ್ನು, ಎಷ್ಟನ್ನು, ಯಾವ ದರದಲ್ಲಿ ಕೊಳ್ಳಲು ಒಪ್ಪಿದೆವೆಂಬ ಮಾತು. ಅದನ್ನು ಖರೀದಿ ಅಧಿಕಾರಿಯು ಬರೆಯುತ್ತಾನೆ. ಜಿ.ಆರ್.ಎನ್. ಎಂಬುದು ನಮ್ಮ ಗೇಟಿನೊಳಕ್ಕೆ ವಾಸ್ತವವಾಗಿ ಏನು ಬಂದಿತೆಂಬ ಮಾತು. ಅದನ್ನು ಉಗ್ರಾಣಿಕನು ಬರೆಯುತ್ತಾನೆ. ಬಿಲ್ಲೆಂಬುದು ತನಗೆ ಎಷ್ಟು ಬರಬೇಕೆಂದು ಮಾರಾಟಗಾರನು ಹೇಳಿಕೊಳ್ಳುವ ಮಾತು. ನ್ಯಾಯಸ್ಥಾನದಲ್ಲಿ ಮೂವರು ಸಾಕ್ಷಿಗಳು ಒಬ್ಬರ ಹೇಳಿಕೆಯನ್ನು ಮತ್ತೊಬ್ಬರು ಕೇಳದೆ ಒಂದೇ ಸಂಗತಿಯನ್ನು ನುಡಿದರೆ ಆ ಸಂಗತಿಗೆ ಹೇಗೆ ಬಲ ಬರುತ್ತದೆಯೋ ಹಾಗೆಯೇ ಈ ಮೂರು ಕಾಗದಗಳ ಹೊಂದಾಣಿಕೆಗೂ ಬಲ ಬರುವುದು, ಒಂದನ್ನು ನೋಡಿ ಇನ್ನೊಂದನ್ನು ಬರೆದಿಲ್ಲವೆಂಬ ಒಂದೇ ಕಾರಣದಿಂದ.

ಕಿರಿಯ: ಆದರೆ ಆದೇಶವನ್ನು ನೋಡದೆ ಉಗ್ರಾಣಿಕನು ಮಾಲನ್ನು ಒಳಕ್ಕೆ ಬಿಟ್ಟುಕೊಳ್ಳುವುದಾದರೂ ಹೇಗೆ?

ಹಿರಿಯರು: ಆದೇಶದ ಸಂಖ್ಯೆಯನ್ನೂ ಪದಾರ್ಥದ ಹೆಸರನ್ನೂ ಆತನು ನೋಡಲೇಬೇಕು, ಇಲ್ಲವಾದರೆ ನಮ್ಮದಲ್ಲದ ಮಾಲು ನಮ್ಮ ಅಂಗಳದಲ್ಲಿ ಇಳಿದೀತು. ಆತನು ನೋಡಬಾರದದ್ದು ಪರಿಮಾಣವನ್ನು. ಕಟ್ಟುನಿಟ್ಟಾದ ಕಚೇರಿಗಳಲ್ಲಿ ಉಗ್ರಾಣಕ್ಕೆ ಕಳುಹಿಸುವ ಆದೇಶದ ಪ್ರತಿಯಲ್ಲಿ ಪರಿಮಾಣದ ಮನೆಯನ್ನು ಖಾಲಿಯಾಗಿ ಬಿಟ್ಟಿರುತ್ತಾರೆ. ಎಣಿಸದೆ, ತೂಗದೆ, ಆ ಮನೆಯನ್ನು ತುಂಬಲು ಆತನಿಗೆ ದಾರಿಯೇ ಇರುವುದಿಲ್ಲ. ಚಾಲಕನು ತಂದ ಡೆಲಿವರಿ ಚಲನ್ ಕೈಯಲ್ಲಿದ್ದರೂ ಮೊದಲು ಎಣಿಕೆಯ ಅಂಕಿಯನ್ನು ಬರೆದು, ಆಮೇಲೆ ಚಲನನ್ನು ಬಿಡಿಸಿ ನೋಡತಕ್ಕದ್ದು.

ಕಿರಿಯ: ಕಬ್ಬು ಅರೆಯುವ ಹಂಗಾಮಿನಲ್ಲಿ ಅದು ಕಷ್ಟ. ಕಬ್ಬಿನ ಟ್ರಾಕ್ಟರುಗಳ ಸಾಲು ರಸ್ತೆಯವರೆಗೂ ನಿಂತಿರುತ್ತದೆ, ವೇಬ್ರಿಜ್ಜು ಬಿಡುವಾಗುವುದಿಲ್ಲ, ಸುಣ್ಣದ ಲಾರಿಯವನು ಬೇಗ ಕಳುಹಿಸಿರೆಂದು ಅವಸರಪಡಿಸುತ್ತಾನೆ. ಅಂಥ ಹೊತ್ತಿನಲ್ಲಿ ‘ಚಲನ್ ಪ್ರಕಾರ ಸ್ವೀಕರಿಸಿದೆ’ ಎಂದು ಬರೆದು ಸಹಿ ಹಾಕುವ ರೂಢಿ ಬಂದುಬಿಟ್ಟಿದೆ.

ಹಿರಿಯರು: ಆ ಮೂರು ಪದಗಳನ್ನು ಬರೆದ ಕ್ಷಣದಲ್ಲಿಯೇ ಮೂರನೆಯ ಸಾಕ್ಷಿಯು ಇಲ್ಲವಾದಂತೆ. ಚಲನ್ ಬರೆದವನೂ ಮಾರಾಟಗಾರ, ಬಿಲ್ಲು ಬರೆದವನೂ ಮಾರಾಟಗಾರ. ಉಗ್ರಾಣಿಕನು ಚಲನನ್ನೇ ನಕಲು ಮಾಡಿದರೆ ನೀನು ಬಿಲ್ಲಿಗೆ ಹೋಲಿಸುತ್ತಿರುವುದು ಮಾರಾಟಗಾರನ ಮಾತನ್ನು ಮಾರಾಟಗಾರನ ಮಾತಿಗೇ. ಕಂಪ್ಯೂಟರು ಆ ಬಿಲ್ಲಿಗೆ ಯಾವ ಆತಂಕವೂ ಇಲ್ಲದೆ ಹಸಿರು ನಿಶಾನೆ ತೋರಿಸುತ್ತದೆ. ಬಂದ ಮಾಲನ್ನು ಎಣಿಸದ ಕಚೇರಿಯಲ್ಲಿ ಬಿಲ್ಲುಗಳು ಬಹಳ ಸೊಗಸಾಗಿ ಹೊಂದಿಕೊಳ್ಳುತ್ತವೆ ಎಂಬುದೇ ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ.

ಕಿರಿಯ: ಒಂದು ಲಾರಿಯನ್ನು ಹಿಡಿದುಕೊಂಡು ಮೊದಲಿನಿಂದ ಕಡೆಯವರೆಗೆ ವಿವರಿಸಿದರೆ ಉಪಕಾರವಾಗುತ್ತದೆ.

ಹಿರಿಯರು: ಹಾಗೆಯೇ ಆಗಲಿ. ಅರಳಿದ ಸುಣ್ಣದ ಪುಡಿ, 25 ಕೆ.ಜಿ. ತೂಕದ 400 ಚೀಲ, ಎಂದರೆ 10,000 ಕೆ.ಜಿ., ಕಾರ್ಖಾನೆಗೆ ತಲುಪಿಸಿ ಕೆ.ಜಿ.ಗೆ 9 ರೂಪಾಯಿ, ತೆರಿಗೆ ಪ್ರತ್ಯೇಕ, ಇದು ಆದೇಶ. ಲಾರಿ ಬಂದಿತು. ತುಂಬಿದ ತೂಕ 15,420, ಇಳಿಸಿದ ಮೇಲೆ ಖಾಲಿ ತೂಕ 5,520, ನಿವ್ವಳ 9,900 ಕೆ.ಜಿ. ಎಂದು ವೇಬ್ರಿಜ್ಜಿನ ಚೀಟಿ ಹೇಳಿತು. ಇಳಿಸುವಾಗ ಎಣಿಸಿದರೆ ಚೀಲಗಳು 394. ಅವುಗಳ ಪೈಕಿ 8 ಚೀಲಗಳು ದಾರಿಯ ಮಳೆಯಲ್ಲಿ ನೆಂದು ಒಳಗಿನ ಸುಣ್ಣವು ಗಟ್ಟಿಕಟ್ಟಿ ಹೋಗಿದ್ದುವು. ಈಗ ಹೇಳು, ಉಗ್ರಾಣಿಕನು ಎಷ್ಟು ಬಂದಿತೆಂದು ಬರೆಯಬೇಕು?

ಕಿರಿಯ: ತೂಕದ ಚೀಟಿಯೇ ಪ್ರಮಾಣವಲ್ಲವೆ? 9,900 ಎಂದು ಬರೆಯಬೇಕು.

ಹಿರಿಯರು: ಅವಸರಪಡಬೇಡ. ಎಣಿಕೆಯಂತೆ 394 ಚೀಲಗಳಿಗೆ 9,850 ಕೆ.ಜಿ. ಸುಣ್ಣ. ಖಾಲಿ ಚೀಲವೊಂದು ಸುಮಾರು 100 ಗ್ರಾಂ ತೂಗಿದರೆ ಚೀಲಗಳ ತೂಕವೇ ಸುಮಾರು 40 ಕೆ.ಜಿ. ಆಯಿತು, ಅಲ್ಲಿಗೆ 9,890. ಉಳಿದ 10 ಕೆ.ಜಿ. ನೆಂದ ಚೀಲಗಳು ಕುಡಿದ ನೀರಾಗಿರಬಹುದು. ಹತ್ತು ಹತ್ತು ಕೆ.ಜಿ.ಗಳಲ್ಲಿ ತೋರಿಸುವ ವೇಬ್ರಿಜ್ಜಿನ ಒಂದು ಹೆಜ್ಜೆಯೂ ಆಗಿರಬಹುದು. ತೂಕವೂ ಎಣಿಕೆಯೂ ಹೀಗೆ ಒಂದನ್ನೊಂದು ಸಮರ್ಥಿಸುತ್ತವೆ, ಆದರೆ ತೂಕವೊಂದನ್ನೇ ನಂಬಿದ್ದರೆ ನಾವು ಚೀಲಕ್ಕೂ ನೀರಿಗೂ ಸುಣ್ಣದ ಬೆಲೆಯನ್ನು ತೆರುತ್ತಿದ್ದೆವು. ಎಣಿಕೆಯೊಂದನ್ನೇ ನಂಬುವುದೂ ಸರಿಯಲ್ಲ. ಚೀಲಗಳಲ್ಲಿ 25ಕ್ಕೆ ಬದಲು 24 ಕೆ.ಜಿ. ತುಂಬಿ ಕಳುಹಿಸಿದ್ದರೆ ಅದು ತೂಕದಲ್ಲಿಯೇ ಬಯಲಾಗಬೇಕು. ಆದುದರಿಂದ ಜಿ.ಆರ್.ಎನ್. ಚೀಟಿಯಲ್ಲಿ ಎರಡು ಅಂಕಿಗಳಿರತಕ್ಕದ್ದು: ಬಂದದ್ದು 394 ಚೀಲ, ಒಪ್ಪಿದ್ದು 386 ಚೀಲ, ಎಂದರೆ 9,650 ಕೆ.ಜಿ.; ನೆಂದ 8 ಚೀಲಗಳನ್ನು ಪ್ರತ್ಯೇಕವಾಗಿ ಇರಿಸಿ ‘ತಿರಸ್ಕೃತ’ ಎಂದು ಕಾರಣಸಹಿತ ಬರೆದು, ಚಲನಿನ ಬೆನ್ನಿನ ಮೇಲೆ ಚಾಲಕನ ಸಹಿಯನ್ನೂ ಆಗಲೇ ಪಡೆಯತಕ್ಕದ್ದು. ಲಾರಿ ಗೇಟು ದಾಟಿದ ಮೇಲೆ ಹೇಳುವ ಕೊರತೆಗೆ ಆ ಬಲವಿರುವುದಿಲ್ಲ.

ಕಿರಿಯ: ಇನ್ನು ಬಿಲ್ಲು?

ಹಿರಿಯರು: ಬಿಲ್ಲು 10,000 ಕೆ.ಜಿ.ಗೆ ಬಂದಿತು; ದರ 9 ರೂಪಾಯಿ 40 ಪೈಸೆ. 94,000 ರೂಪಾಯಿ ಬೆಲೆ, ಶೇಕಡ 5ರಂತೆ 4,700 ತೆರಿಗೆ, ಒಟ್ಟು 98,700. ನಾವು ಕೊಡಬೇಕಾದದ್ದು ಒಪ್ಪಿದ ಮಾಲಿಗೆ, ಒಪ್ಪಿದ ದರದಲ್ಲಿ: 9,650 ಕೆ.ಜಿ.ಗೆ 9ರಂತೆ 86,850, ತೆರಿಗೆ 4,342 ರೂಪಾಯಿ 50 ಪೈಸೆ, ಒಟ್ಟು 91,192 ರೂಪಾಯಿ 50 ಪೈಸೆ. ಅಂತರ 7,507 ರೂಪಾಯಿ 50 ಪೈಸೆ. ಅದನ್ನು ಪರಿಮಾಣದ ಅಂತರವೆಂದೂ ದರದ ಅಂತರವೆಂದೂ ಒಡೆದು ತೋರಿಸು ನೋಡೋಣ.

ಕಿರಿಯ: ಕಡಿಮೆಯಾದದ್ದು 350 ಕೆ.ಜಿ.; ನಮ್ಮ ದರ 9ರಂತೆ 3,150. ಒಪ್ಪಿದ 9,650 ಕೆ.ಜಿ.ಗೆ ಹೆಚ್ಚು ಹಾಕಿದ 40 ಪೈಸೆಯಂತೆ 3,860. ಎರಡೂ ಸೇರಿ 7,010. ತೆರಿಗೆಯಿಲ್ಲದ ಅಂತರವೋ 94,000ದಲ್ಲಿ 86,850 ಕಳೆದು 7,150. ಇನ್ನೂ 140 ರೂಪಾಯಿ ಎಲ್ಲಿ ಹೋಯಿತು?

ಹಿರಿಯರು: ನಾವು ಒಪ್ಪದ 350 ಕೆ.ಜಿ.ಗೂ ಆತನು 40 ಪೈಸೆ ಹೆಚ್ಚಾಗಿಯೇ ಬಿಲ್ಲು ಮಾಡಿದ್ದಾನೆ. 350ಕ್ಕೆ 40 ಪೈಸೆಯಂತೆ 140. ನೀನು ಪರಿಮಾಣವನ್ನು ನಮ್ಮ ದರದಲ್ಲಿಯೂ, ದರವನ್ನು ಒಪ್ಪಿದ ಪರಿಮಾಣದಲ್ಲಿಯೂ ಎಣಿಸಿದೆ. ಆ ಎರಡು ಲೆಕ್ಕಗಳ ನಡುವಣ ಮೂಲೆಯಲ್ಲಿ ಈ ಹಣ ಅವಿತುಕೊಂಡಿತು. ಒಪ್ಪದ ಮಾಲನ್ನು ಬಿಲ್ಲಿನ ದರದಲ್ಲಿ ಕಳೆ: 350ಕ್ಕೆ 9.40ರಂತೆ 3,290. ಒಪ್ಪಿದ ಮಾಲಿಗೆ ಮಾತ್ರ ದರದ ಅಂತರವನ್ನು ಹಾಕು: 3,860. ಕೂಡಿದರೆ 7,150, ತೆರಿಗೆ 357 ರೂಪಾಯಿ 50 ಪೈಸೆ ಸೇರಿದರೆ 7,507.50. ಪೈಸೆಗೆ ಪೈಸೆ ಕೂಡಿಬರುವ ಲೆಕ್ಕವನ್ನು ಮಾತ್ರ ಮಾರಾಟಗಾರನಿಗೆ ಕಳುಹಿಸಬೇಕು, ಏಕೆಂದರೆ ನಮ್ಮ ಪತ್ರದಲ್ಲಿ 140 ರೂಪಾಯಿಯ ತಪ್ಪಿದ್ದರೆ ಆತನು ಉಳಿದ 7,010ನ್ನೂ ಸಂದೇಹದಿಂದ ನೋಡುವನು.

ಕಿರಿಯ: ಅಂತರ ಗೊತ್ತಾಯಿತು. ಅದನ್ನು ಕಡಿದು ಉಳಿದದ್ದನ್ನು ಕೊಡುವ ಅಧಿಕಾರ ನನಗಿದೆಯೆ?

ಹಿರಿಯರು: ಇಲ್ಲ. ಬಿಲ್ಲು ನೋಡುವವನು ಅಂತರವನ್ನು ಕಂಡುಹಿಡಿಯಬೇಕೇ ವಿನಾ ತೀರ್ಪು ಕೊಡಬಾರದು. ಪರಿಮಾಣದ ಪ್ರಶ್ನೆ ಉಗ್ರಾಣಿಕನಿಗೆ ಹೋಗಬೇಕು. ಆತನು ಗೇಟಿನ ಪುಸ್ತಕ, ತೂಕದ ಚೀಟಿ, ಇಳಿಸಿದ ಎಣಿಕೆ ಈ ಮೂರನ್ನೂ ನೋಡಿ, ಉಳಿದ ಚೀಲಗಳು ಬೇರೊಂದು ಲಾರಿಯಲ್ಲಿ ಬಂದು ಬೇರೊಂದು ಚೀಟಿಯಲ್ಲಿ ದಾಖಲಾಗಿವೆಯೇ ಎಂಬುದನ್ನು ಲಿಖಿತವಾಗಿ ಹೇಳಬೇಕು. ದರದ ಪ್ರಶ್ನೆ ಖರೀದಿ ಅಧಿಕಾರಿಗೆ ಹೋಗಬೇಕು. ಈ 40 ಪೈಸೆಗೆ ಮೂರು ಕಾರಣಗಳಿರಬಹುದು: ಮಾರಾಟಗಾರನು ಲಾರಿ ಬಾಡಿಗೆಯನ್ನು ತಾನಾಗಿಯೇ ಸೇರಿಸಿರಬಹುದು, ಆತನ ಕೊಟೇಶನ್ನಿನಲ್ಲಿ 9.40 ಎಂದೇ ಇದ್ದು ನಮ್ಮ ಆದೇಶದಲ್ಲಿ ತಪ್ಪಾಗಿ ಅಚ್ಚಾಗಿರಬಹುದು. ಅಥವಾ ಫೋನಿನಲ್ಲಿ ಹೊಸ ದರಕ್ಕೆ ಒಪ್ಪಿ, ತಿದ್ದುಪಡಿಯ ಆದೇಶವನ್ನು ಬರೆಯುವುದನ್ನು ಖರೀದಿ ವಿಭಾಗವೇ ಮರೆತಿರಬಹುದು. ಮೊದಲನೆಯದಾದರೆ ಕಡಿತ ನ್ಯಾಯ, ಏಕೆಂದರೆ ದರವು ಕಾರ್ಖಾನೆಗೆ ತಲುಪಿಸುವ ದರ. ಎರಡನೆಯದಾದರೆ ತಪ್ಪು ನಮ್ಮದು; ಆದೇಶವನ್ನು ಸಂಖ್ಯೆ, ದಿನಾಂಕ, ಕಾರಣಗಳೊಡನೆ ತಿದ್ದಿ, ಅಧಿಕಾರವುಳ್ಳವರ ಸಹಿ ಪಡೆದು, ಆತನಿಗೆ ಪೂರ್ತಿ ದರವನ್ನು ಕೊಡಬೇಕು. ಮೂರನೆಯದರಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಲಾರಿ ಹೊರಡುವ ಮುನ್ನ ಒಪ್ಪಿದ್ದಕ್ಕೆ ಒಂದು ಮಿಂಚಂಚೆಯಾಗಲಿ ಪತ್ರವಾಗಲಿ ಇದ್ದೇ ಇರುತ್ತದೆ. ಏನೊಂದೂ ಇಲ್ಲದೆ, ಬಿಲ್ಲು ಬಂದ ಮೇಲೆ ಬಿಲ್ಲಿಗೆ ಸರಿಯಾಗುವಂತೆ ಆದೇಶವನ್ನು ತಿದ್ದಿದರೆ, ಅದು ಸಾಕ್ಷಿಯನ್ನು ತಿದ್ದಿದಂತೆಯೇ ಸರಿ.

ಕಿರಿಯ: ಆ ವಿಚಾರಣೆಗಳೆಲ್ಲ ಮುಗಿಯುವವರೆಗೆ ಬಿಲ್ಲನ್ನು ಪೂರ್ತಿಯಾಗಿ ತಡೆದಿಡುವುದು ನಮ್ಮಲ್ಲಿಯ ವಾಡಿಕೆ.

ಹಿರಿಯರು: ಆ ವಾಡಿಕೆಯು ಅನ್ಯಾಯದ್ದು. ಸುಣ್ಣದ ಭಟ್ಟಿ ನಡೆಸುವ ಸಣ್ಣ ಮನುಷ್ಯನಿಗೆ ಏಳು ಸಾವಿರದ ವಿವಾದಕ್ಕಾಗಿ ತೊಂಬತ್ತೊಂದು ಸಾವಿರವನ್ನು ನಿಲ್ಲಿಸುವುದು ತರವಲ್ಲ. ವಿವಾದವಿಲ್ಲದ ಮೊತ್ತವನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ವಿವಾದವಿರುವಷ್ಟನ್ನು ಮಾತ್ರ ತಡೆಯಬೇಕು. ಇದು ಕಾಯಿದೆಯ ಮಾತೂ ಹೌದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಧಿನಿಯಮದ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮದವನಿಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಆದರೆ ಎಂದಿಗೂ 45 ದಿನಗಳನ್ನು ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ.

ಕಿರಿಯ: ದಿನಗಳನ್ನು ಎಂದಿನಿಂದ ಎಣಿಸಬೇಕು? ಮಾಲಿನಲ್ಲಿಯೇ ದೋಷವಿದ್ದಾಗಲೂ ಲಾರಿ ಬಂದ ದಿನದಿಂದಲೇ?

ಹಿರಿಯರು: ಅಲ್ಲಿಯೇ ಈ ಕೆಲಸದ ಮರ್ಮವಿರುವುದು. ಮಾಲು ತಲುಪಿದ 15 ದಿನಗಳೊಳಗೆ ನಾವು ಲಿಖಿತವಾಗಿ ಆಕ್ಷೇಪಿಸಿದರೆ, ಮಾರಾಟಗಾರನು ಆ ಆಕ್ಷೇಪವನ್ನು ಪರಿಹರಿಸಿದ ದಿನವೇ ಸ್ವೀಕಾರದ ದಿನವೆನಿಸುತ್ತದೆ. ಹಾಗೆ ಆಕ್ಷೇಪಿಸದಿದ್ದರೆ ಮಾಲು ತಲುಪಿದ ದಿನವೇ ಒಪ್ಪಿಕೊಂಡಂತೆ ಭಾವಿಸಲಾಗುತ್ತದೆ. ಫೋನಿನಲ್ಲಿ ಎಷ್ಟೇ ಜಗಳವಾಡಿದ್ದರೂ ಅದು ಆಕ್ಷೇಪವೆನಿಸುವುದಿಲ್ಲ. 1930ರ ಸರಕು ಮಾರಾಟ ಅಧಿನಿಯಮವೂ ಇದೇ ಜಾಡಿನಲ್ಲಿದೆ: ತಿರಸ್ಕರಿಸಿದೆನೆಂದು ತಿಳಿಸದೆ ಯುಕ್ತಕಾಲವನ್ನು ಮೀರಿ ಮಾಲನ್ನು ಇಟ್ಟುಕೊಂಡವನು ಅದನ್ನು ಒಪ್ಪಿದಂತೆ, ತಿಳಿಸಿದವನೋ, ಬೇರೆ ಕರಾರಿಲ್ಲದಿದ್ದರೆ, ಅದನ್ನು ಹಿಂದಕ್ಕೆ ಸಾಗಿಸಿಕೊಡಲು ಬದ್ಧನಲ್ಲ. ನೆಂದ 8 ಚೀಲಗಳ ವಿಷಯವನ್ನು ಹಂಗಾಮು ಮುಗಿದ ಮೇಲೆ ಹೇಳಹೊರಟರೆ ಅಷ್ಟು ಹೊತ್ತಿಗೆ ಅವು ನಮ್ಮವೇ ಆಗಿಹೋಗಿರುತ್ತವೆ.

ಕಿರಿಯ: ಕೊರತೆಗೆ ಬದಲು ಹೆಚ್ಚಾಗಿ ಬಂದರೆ? 400ಕ್ಕೆ 410 ಚೀಲ ಬಂದಿತೆನ್ನೋಣ.

ಹಿರಿಯರು: ಆ ಅಧಿನಿಯಮದ 37ನೆಯ ಕಲಮು ಎರಡಕ್ಕೂ ದಾರಿ ಹೇಳಿದೆ. ಕಡಿಮೆ ಬಂದರೆ ಅಷ್ಟನ್ನೂ ತಿರಸ್ಕರಿಸಬಹುದು. ಒಪ್ಪಿದರೆ ಒಪ್ಪಂದದ ದರದಲ್ಲಿಯೇ ಬೆಲೆ ಕೊಡಬೇಕು. ಹೆಚ್ಚು ಬಂದರೆ ಆದೇಶದಲ್ಲಿದ್ದಷ್ಟನ್ನು ಒಪ್ಪಿ ಉಳಿದದ್ದನ್ನು ಹಿಂದಿರುಗಿಸಬಹುದು, ಎಲ್ಲವನ್ನೂ ತಿರಸ್ಕರಿಸಬಹುದು, ಅಥವಾ ಎಲ್ಲವನ್ನೂ ಇಟ್ಟುಕೊಂಡು ಒಪ್ಪಂದದ ದರದಲ್ಲಿ ಹಣ ಕೊಡಬಹುದು. ಉಗ್ರಾಣಿಕನು 410 ಎಂದೇ ಬರೆಯಬೇಕು. ಆದೇಶವನ್ನು ನೋಡಿ 400 ಎಂದು ಬರೆದು, ಹೆಚ್ಚಾದ ಹತ್ತನ್ನು ಲೆಕ್ಕಕ್ಕೆ ಸಿಗದಂತೆ ಮೂಲೆಯಲ್ಲಿಟ್ಟರೆ, ಮುಂದೊಂದು ದಿನ ಬಂದ ಕೊರತೆಯನ್ನು ಆ ಹತ್ತರಿಂದ ಮುಚ್ಚುವ ಆಸೆ ಹುಟ್ಟುತ್ತದೆ. ಆಮೇಲೆ ಯಾವ ಎಣಿಕೆಯನ್ನೂ ನಂಬುವಂತಿರುವುದಿಲ್ಲ.

ಕಿರಿಯ: ತೆರಿಗೆಯ ವಿಷಯದಲ್ಲಿ ನನಗೊಂದು ತೊಡಕಿದೆ. ಮಾರಾಟಗಾರನು ತನ್ನ ಜಿ.ಎಸ್.ಟಿ. ಲೆಕ್ಕದಲ್ಲಿ 4,700 ರೂಪಾಯಿಯನ್ನು ತೋರಿಸಿಬಿಟ್ಟಿರುತ್ತಾನೆ. ನಮ್ಮ GSTR-2B ಪಟ್ಟಿಯಲ್ಲಿಯೂ ಅದೇ ಮೊತ್ತ ಕಾಣಿಸುತ್ತದೆ. ಅಷ್ಟನ್ನೂ ನಾವು ಜಮೆ ಪಡೆಯಬಹುದೆ?

ಹಿರಿಯರು: ಪಡೆಯಬಾರದು. ಸರಕು ಕೈಗೆ ಬಂದಿರಬೇಕೆಂಬುದು 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 16ನೆಯ ಕಲಮಿನ ನಿಬಂಧನೆ. ಪಟ್ಟಿಯಲ್ಲಿ ಕಾಣಿಸಿದ ಮಾತ್ರಕ್ಕೆ ಬಾರದ ಸುಣ್ಣದ ತೆರಿಗೆ ನಮ್ಮ ಹಕ್ಕಾಗುವುದಿಲ್ಲ. ನಾವು ಜಮೆ ಪಡೆಯಬೇಕಾದದ್ದು 4,342.50 ಮಾತ್ರ. ಉಳಿದ 357.50ರ ತೆರಿಗೆ ಹೊಣೆ ಮಾರಾಟಗಾರನ ಮೇಲಿಂದ ಇಳಿಯಬೇಕಾದರೆ ಆತನು 34ನೆಯ ಕಲಮಿನಂತೆ ಕ್ರೆಡಿಟ್ ನೋಟ್ ಕೊಡಬೇಕು. ನಾವು ಬರೆದು ಕಳುಹಿಸುವ ಡೆಬಿಟ್ ನೋಟ್ ನಮ್ಮ ಬೇಡಿಕೆಯನ್ನು ತಿಳಿಸುವ ಪತ್ರ ಮಾತ್ರ; ಆತನ ತೆರಿಗೆಯನ್ನು ಅದು ಇಳಿಸಲಾರದು. ಆತನ ಕ್ರೆಡಿಟ್ ನೋಟಿಗೂ ಗಡುವುಂಟು: ಆ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30, ಅಥವಾ ವಾರ್ಷಿಕ ಲೆಕ್ಕವನ್ನು ಸಲ್ಲಿಸಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅದರೊಳಗೆ ಆತನು ಅದನ್ನು ತನ್ನ ಲೆಕ್ಕದಲ್ಲಿ ತೋರಿಸಬೇಕು. ಆದುದರಿಂದಲೇ ನಮ್ಮ ಪತ್ರ ಬೇಗ ಹೋಗಬೇಕು, ಸ್ಪಷ್ಟವಾಗಿರಬೇಕು. ಇನ್ನೊಂದು ಮಾತು: ಬಿಲ್ಲಿನ ಮೇಲೆಯೇ ಶಾಯಿಯಲ್ಲಿ ಅಂಕಿಯನ್ನು ಹೊಡೆದು ತಿದ್ದಬೇಡ. ಬಿಲ್ಲು ಆತನ ಹೇಳಿಕೆ. ಅದು ಇದ್ದಂತೆಯೇ ಇರಬೇಕು, ನಮ್ಮ ಉತ್ತರ ಬೇರೆ ಕಾಗದದಲ್ಲಿರಬೇಕು.

ಕಿರಿಯ: ಪ್ರತಿಯೊಂದು ಸಣ್ಣ ಅಂತರಕ್ಕೂ ಇಷ್ಟೆಲ್ಲ ಪತ್ರವ್ಯವಹಾರ ನಡೆಸುತ್ತ ಕುಳಿತರೆ ಕಚೇರಿ ನಡೆಯುವುದೆಂತು? ನಮ್ಮ ಕಂಪ್ಯೂಟರಿನಲ್ಲಿ ಇಷ್ಟರವರೆಗೆ ಬಿಡಬಹುದೆಂಬ ಒಂದು ಮಿತಿಯನ್ನು ಹಾಕಿರುತ್ತಾರೆ.

ಹಿರಿಯರು: ಮಿತಿ ಬೇಕು. ಆದರೆ ಅದು ಶೇಕಡದಲ್ಲಿಯೂ ರೂಪಾಯಿಯಲ್ಲಿಯೂ ಇರಬೇಕು. ಎರಡರಲ್ಲಿ ಯಾವುದು ಕಡಿಮೆಯೋ ಅದು ಸಲ್ಲಬೇಕು. ಶೇಕಡ ಅರ್ಧವೆಂಬುದು ಒಂದು ಲಕ್ಷದ ಬಿಲ್ಲಿನಲ್ಲಿ 500 ರೂಪಾಯಿ. 50 ಲಕ್ಷದ ಬಿಲ್ಲಿನಲ್ಲಿ 25,000. ಅಷ್ಟನ್ನು ಪ್ರಶ್ನೆಯಿಲ್ಲದೆ ಬಿಡುವವರಾರು? ಇದಕ್ಕಿಂತ ಸೂಕ್ಷ್ಮವಾದದ್ದು ಅಂತರದ ದಿಕ್ಕು. ಕೈತಪ್ಪಿನಿಂದ ಆದ ಅಂತರಗಳು ಒಮ್ಮೆ ನಮ್ಮ ಕಡೆಗೂ ಒಮ್ಮೆ ಆತನ ಕಡೆಗೂ ಬೀಳುತ್ತವೆ. ಒಬ್ಬನ ಲಾರಿಗಳೆಲ್ಲವೂ ಮಿತಿಗೆ ಕೊಂಚವೇ ಕಡಿಮೆಯಾದ ಕೊರತೆಯೊಡನೆ, ಸದಾ ಒಂದೇ ದಿಕ್ಕಿನಲ್ಲಿ ಬರುತ್ತಿದ್ದರೆ ನಮ್ಮ ಮಿತಿಯನ್ನು ಯಾರೋ ಆತನಿಗೆ ತಿಳಿಸಿದ್ದಾರೆಂದು ಅರ್ಥ. ಒಂದೊಂದೇ ಬಿಲ್ಲನ್ನು ನೋಡಿದರೆ ಇದು ಕಾಣುವುದಿಲ್ಲ. ತಿಂಗಳಿಗೊಮ್ಮೆ ಮಾರಾಟಗಾರನ ಹೆಸರಿನಡಿಯಲ್ಲಿ ಅಂತರಗಳನ್ನು ಸಾಲಾಗಿ ಬರೆದು ನೋಡಿದರೆ ಕಾಣುತ್ತದೆ.

ಕಿರಿಯ: ಬಿಲ್ಲು ತಡೆಯಾದಾಗ ಅದನ್ನು ಬಿಡಿಸುವುದಕ್ಕೂ ಕಂಪ್ಯೂಟರಿನಲ್ಲಿ ಒಂದು ದಾರಿಯಿದೆ. ಸ್ಯಾಪ್ ಉಪಯೋಗಿಸುವ ಕಡೆ MIRO ಎಂಬಲ್ಲಿ ಬಿಲ್ಲನ್ನು ಹಾಕುತ್ತಾರೆ. ಹೊಂದದೆ ತಡೆಯಾದದ್ದನ್ನು MRBR ಎಂಬಲ್ಲಿ ಬಿಡಿಸುತ್ತಾರೆ.

ಹಿರಿಯರು: ಬಿಲ್ಲು ಹಾಕುವವನಿಗೂ ಬಿಡಿಸುವವನಿಗೂ ನಡುವೆ ಎರಡು ಕುರ್ಚಿಗಳ ಅಂತರವಿರಲಿ, ಒಂದೇ ಕೈ ಎರಡನ್ನೂ ಮಾಡಿದರೆ ತಡೆಯೆಂಬುದು ಹೆಸರಿಗೆ ಮಾತ್ರ. ಬಿಡಿಸಿದ ಪ್ರತಿಯೊಂದಕ್ಕೂ ಕಾರಣವನ್ನು ಬರೆದಿಡಲಿ. ಆದೇಶ ಟನ್ನಿನಲ್ಲಿ, ಚೀಟಿ ಚೀಲದಲ್ಲಿ, ಬಿಲ್ಲು ಕೆ.ಜಿ.ಯಲ್ಲಿ ಇದ್ದುದರಿಂದಲೇ ತಡೆಯಾದ ಬಿಲ್ಲುಗಳು ಬಹಳ ಸಿಗುತ್ತವೆ; ಅವು ನಿಜವಾದ ಅಂತರಗಳಲ್ಲ, ಮೂಲದಲ್ಲಿ ಮಾನವನ್ನು ಒಂದಾಗಿಸಿದರೆ ಮಾಯವಾಗುತ್ತವೆ. ಹಾಗೆಯೇ ನಮ್ಮ ಉದಾಹರಣೆಯಲ್ಲಿ ಒಪ್ಪಿದ್ದು 386 ಚೀಲವಾದುದರಿಂದ ಆದೇಶದಲ್ಲಿ 14 ಚೀಲ ಬಾಕಿಯುಳಿಯಿತಲ್ಲವೆ? ಮಾರಾಟಗಾರನು ಅವನ್ನು ಕಳುಹಿಸುವುದಾದರೆ ಹೊಸ ಚೀಟಿ, ಹೊಸ ಬಿಲ್ಲು ಆಗಬೇಕು. ಇಲ್ಲವಾದರೆ ಆದೇಶವನ್ನು ಅಷ್ಟಕ್ಕೇ ಮುಚ್ಚಿಬಿಡಬೇಕು. ತೆರೆದಿಟ್ಟ ಬಾಕಿಯ ಮೇಲೆ, ಸಂಖ್ಯೆಯಲ್ಲಿ ಒಂದು ಅಡ್ಡಗೆರೆ ಮಾತ್ರ ವ್ಯತ್ಯಾಸವಿರುವ ಹಳೆಯ ಬಿಲ್ಲೇ ಎರಡನೆಯ ಬಾರಿ ಬಂದು ಕುಳಿತುಕೊಳ್ಳುವುದುಂಟು.

ಕಿರಿಯ: ಮೂರು ಕೈಗಳೂ ಬೇರೆಯಾಗಿಯೇ ಕೆಲಸ ಮಾಡಿದುವೋ ಇಲ್ಲವೋ ಎಂಬುದನ್ನು ಕಾಗದ ನೋಡಿ ಕಂಡುಕೊಳ್ಳಬಹುದೆ?

ಹಿರಿಯರು: ಬಹುಮಟ್ಟಿಗೆ ಕಂಡುಕೊಳ್ಳಬಹುದು. ಮೊದಲು ದಿನಾಂಕಗಳನ್ನು ನೋಡು: ಬಿಲ್ಲಿನ ದಿನವೇ ಅಥವಾ ಅದರ ಮಾರನೆಯ ದಿನ ಹುಟ್ಟಿದ ಆದೇಶವು ಬಿಲ್ಲನ್ನು ನೋಡಿಯೇ ಬರೆದದ್ದು. ಆಮೇಲೆ ಗಂಟೆಗಳನ್ನು ನೋಡು: ಗೇಟಿನ ಪುಸ್ತಕದಲ್ಲಿ ಲಾರಿ ಒಳಬಂದ ಹೊತ್ತು, ವೇಬ್ರಿಜ್ಜಿನ ಎರಡು ತೂಕಗಳ ಹೊತ್ತು, ಚೀಟಿ ಬರೆದ ಹೊತ್ತು. 400 ಚೀಲಗಳನ್ನು ಇಳಿಸಿ ಎಣಿಸಲು ಸಾಲದಷ್ಟು ಕಡಿಮೆ ಅವಧಿಯಲ್ಲಿ ಚೀಟಿ ಸಿದ್ಧವಾಗಿದ್ದರೆ ಆ ಎಣಿಕೆ ನಡೆದೇ ಇಲ್ಲ. ಕಡೆಗೆ ಇಡೀ ಹಂಗಾಮಿನ ಪುಸ್ತಕವನ್ನು ತಿರುವಿಹಾಕು. ಸುಣ್ಣವು ತೇವವನ್ನು ಹೀರುವ ಪದಾರ್ಥ, ಚೀಲ ಹರಿಯುವಂಥದು, ದಾರಿಯಲ್ಲಿ ಸೋರುವಂಥದು. ಅಂತಹ ಮಾಲು ಹಂಗಾಮಿನುದ್ದಕ್ಕೂ ಒಂದು ಚೀಲದ ಕೊರತೆಯೂ ಇಲ್ಲದೆ, ಒಂದು ಚೀಲದ ತಿರಸ್ಕಾರವೂ ಇಲ್ಲದೆ ಬಂದಿದೆಯೆಂದು ಪುಸ್ತಕ ಹೇಳಿದರೆ, ಆ ಪುಸ್ತಕವನ್ನು ಚಲನಿನಿಂದ ಬರೆಯಲಾಗಿದೆಯೆಂದು ನಿಸ್ಸಂದೇಹವಾಗಿ ತಿಳಿ.

ಕಿರಿಯ: ಇಷ್ಟೆಲ್ಲ ಮಾಡಿದ ಮೇಲೆ ಹಣವು ಸುರಕ್ಷಿತವೆನ್ನಬಹುದೆ?

ಹಿರಿಯರು: ಹೊಂದಾಣಿಕೆಗೂ ಎಲ್ಲೆಯುಂಟು. ಚೀಲದಲ್ಲಿರುವ ಸುಣ್ಣದಲ್ಲಿ ಸತ್ತ್ವವೆಷ್ಟು ಎಂಬುದನ್ನು ಈ ಮೂರು ಕಾಗದಗಳು ಹೇಳಲಾರವು. ಅದಕ್ಕೆ ಪ್ರಯೋಗಾಲಯದ ನಾಲ್ಕನೆಯ ಕಾಗದ ಬೇಕು, ಅದು ಬರುವ ಮುನ್ನ ಸುಣ್ಣವನ್ನು ರಸದ ತೊಟ್ಟಿಗೆ ಸುರಿದಿರಬಾರದು. ಆದೇಶದಲ್ಲಿಯೇ ದರವು ಪೇಟೆಗಿಂತ ಹೆಚ್ಚಾಗಿದ್ದರೆ ಮೂರೂ ಕಾಗದಗಳು ಸುಖವಾಗಿ ಹೊಂದಿಕೊಳ್ಳುತ್ತವೆ, ನಷ್ಟವೂ ಸುಖವಾಗಿ ಆಗುತ್ತದೆ. ಬೇಡದ್ದನ್ನು ಕೊಂಡರೂ ಹಾಗೆಯೇ. ಒಪ್ಪಿದ್ದಕ್ಕೆ ಮತ್ತು ಬಂದದ್ದಕ್ಕೆ ಮಾತ್ರ ಹಣ ಹೋಗಲಿ ಎಂಬಷ್ಟೇ ಈ ವಿಧಾನದ ಭರವಸೆ.

ಕಿರಿಯ: ನಮ್ಮ ಕಾರ್ಖಾನೆಗಳಿಗೆ ಬರುವ ಎಲ್ಲಕ್ಕಿಂತ ದೊಡ್ಡ ಮಾಲು ಕಬ್ಬು. ಅದಕ್ಕೆ ಈ ಮೂರು ಕಾಗದಗಳ ನಿಯಮ ನಡೆಯುತ್ತದೆಯೆ?

ಹಿರಿಯರು: ಒಳ್ಳೆಯ ಪ್ರಶ್ನೆ. ಸುಣ್ಣ ಮಾರುವವನು ತನ್ನ ಬಿಲ್ಲನ್ನು ತಾನೇ ಬರೆಯುತ್ತಾನೆ. ಕಬ್ಬು ಮಾರುವ ರೈತನು ಬರೆಯುವುದಿಲ್ಲ. ಕಟಾವಿಗೆ ಅನುಮತಿ ಕೊಡುವುದು ಕಾರ್ಖಾನೆ, ತೂಗುವುದು ಕಾರ್ಖಾನೆ, ಬಿಲ್ಲನ್ನು ಲೆಕ್ಕಹಾಕುವುದೂ ಕಾರ್ಖಾನೆ. ಕೊಳ್ಳುವವನೇ ಬಿಲ್ಲು ಮಾಡುವ ಈ ಪದ್ಧತಿ ಲೋಕದ ದೊಡ್ಡ ದೊಡ್ಡ ಉದ್ಯಮಗಳಲ್ಲಿಯೂ ಉಂಟು. ಸಾವಿರಾರು ಮಾರಾಟಗಾರರಿರುವ ಕಡೆ ಅದು ಅನಿವಾರ್ಯವೂ ಹೌದು. ಆದರೆ ಅಲ್ಲಿ ಮೂರೂ ಕಾಗದಗಳು ಒಂದೇ ಮನೆಯವಾದುದರಿಂದ, ಅವು ತಮ್ಮೊಳಗೇ ಹೊಂದಿಕೊಂಡುವೆಂಬುದರಿಂದ ರೈತನಿಗೆ ಯಾವ ರಕ್ಷಣೆಯೂ ದೊರೆಯುವುದಿಲ್ಲ. ಮೂರನೆಯ ಕೈ ಆತನದೇ ಆಗಬೇಕು. ತುಂಬಿದ ಗಾಡಿಯ ತೂಕವಾಗುವಾಗಲೂ ಖಾಲಿ ಗಾಡಿಯ ತೂಕವಾಗುವಾಗಲೂ ಆತನಾಗಲಿ ಆತನ ಮನೆಯವರಾಗಲಿ ಅಲ್ಲಿರಬೇಕು. ತೂಕದ ಚೀಟಿಗಳನ್ನು ಕ್ರಮವಾಗಿ ಇಟ್ಟುಕೊಂಡು, ಬಿಲ್ಲು ಬಂದಾಗ ಒಂದೊಂದು ಚೀಟಿಯ ಟನ್ನನ್ನೂ ಬಿಲ್ಲಿನ ಸಾಲಿಗೆ ಎದುರುಬದುರು ಇಟ್ಟು ನೋಡಬೇಕು. ಕಟಾವು ಮತ್ತು ಸಾಗಾಟದ ಕಡಿತವು ಮೊದಲು ಹೇಳಿದ ದರದಲ್ಲಿಯೇ ಇದೆಯೇ ಎಂದು ಕೇಳಬೇಕು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ತಲುಪಿದ 14 ದಿನಗಳೊಳಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸೇರಬೇಕು. ಆ ದಿನಗಳನ್ನು ಎಣಿಸುವುದಕ್ಕೂ ಆತನ ಕೈಯಲ್ಲಿರುವ ಆಧಾರ ಆ ತೂಕದ ಚೀಟಿಯೇ.

ಕಿರಿಯ: ಹಾಗಾದರೆ ನಾಳೆ ಕಚೇರಿಗೆ ಹೋದ ಮೇಲೆ ನಾನು ಮೊದಲು ಕೈಹಾಕಬೇಕಾದ ಕೆಲಸ ಯಾವುದು?

ಹಿರಿಯರು: ಬಿಲ್ಲುಗಳ ಕಟ್ಟನ್ನು ಬಿಚ್ಚಬೇಡ. ಉಗ್ರಾಣಕ್ಕೆ ಹೋಗಿ, ಮುಂದಿನ ಲಾರಿ ಇಳಿಯುವಾಗ ಜಿ.ಆರ್.ಎನ್. ಅನ್ನು ಯಾರು, ಯಾವುದನ್ನು ನೋಡಿ ಬರೆಯುತ್ತಾರೆಂಬುದನ್ನು ನಿಂತು ನೋಡು. ಚಲನನ್ನು ನೋಡಿ ಬರೆಯುತ್ತಿದ್ದರೆ, ನಿನ್ನ ಮೇಜಿನ ಮೇಲಿರುವ ಹೊಂದಿಕೊಂಡ ಬಿಲ್ಲುಗಳಲ್ಲಿ ಒಂದಕ್ಕೂ ಹೊಂದಿಕೊಂಡಿತೆಂದು ಸಹಿ ಹಾಕಬೇಡ. ಆ ಪದ್ಧತಿಯನ್ನು ತಿದ್ದಿಸಿದ ಮೇಲೆಯೇ ಹಾಕು. ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆ ಸಂಘದ, ಗಿರಣಿಯ, ಕಾರ್ಖಾನೆಯ ಉಗ್ರಾಣಗಳಲ್ಲಿ ಕೆಲಸ ಮಾಡುವ ಎಲ್ಲರಿಗೂ ನನ್ನದು ಇದೊಂದೇ ಬಿನ್ನಹ: ಎಣಿಸಿ ಬರೆಯಿರಿ, ಬರೆದ ಮೇಲೆ ಚಲನನ್ನು ಬಿಡಿಸಿರಿ.